ಕಾಪು ಪೇಟೆಯ ಅಂಗಡಿಯವರಿಗೆ: ಆಟಿಯ ಲೆಕ್ಕವನ್ನು ಮೇ ತಿಂಗಳಲ್ಲೇ ಮಾಡಿ

ಕಾಪು ಪೇಟೆಯ ಅಂಗಡಿ ಮಾಲಕರಿಗೆ, ಅದರಲ್ಲೂ ಜವಳಿ, ಚಪ್ಪಲಿ, ಫ್ಯಾನ್ಸಿ, ಪಾತ್ರೆ ಅಂಗಡಿ ಇಟ್ಟುಕೊಂಡವರಿಗೆ,

ನಾನು ಪೇಟೆಯ ಕೆಲವು ಅಂಗಡಿಗಳ ಲೆಕ್ಕ ಬರೆಯುವವ. ಜುಲೈ ಎರಡನೇ ವಾರ ಬಂತೆಂದರೆ ನನಗೆ ಬರುವ ಫೋನುಗಳೆಲ್ಲ ಹೆಚ್ಚುಕಡಿಮೆ ಒಂದೇ ರಾಗ: "ಮೇಯಲ್ಲಿ ಅಷ್ಟು ವ್ಯಾಪಾರ ಆಗಿದೆ, ಈಗ ಖಾತೆಯಲ್ಲಿ ಏನೂ ಇಲ್ಲ, ದುಡ್ಡು ಎಲ್ಲಿ ಹೋಯ್ತು ಮಾರಾಯ್ರೇ?" ದುಡ್ಡು ಕಳುವಾಗಿರುವುದಿಲ್ಲ, ನಷ್ಟವೂ ಆಗಿರುವುದಿಲ್ಲ. ವರ್ಷದ ಕೊನೆಗೆ ಅದೇ ಅಂಗಡಿಯ ಲೆಕ್ಕ ತೆಗೆದರೆ ಲಾಭವೇ ಕಾಣುತ್ತದೆ. ಆದರೆ ಮಾರಿದ ತಿಂಗಳು ಬೇರೆ, ಮಾಲಿನ ಬಿಲ್ಲು ಕಟ್ಟುವ ತಿಂಗಳು ಬೇರೆ, ತೆರಿಗೆ ಕಟ್ಟುವ ತಿಂಗಳು ಇನ್ನೂ ಬೇರೆ. ನಮ್ಮ ಕರಾವಳಿಯಲ್ಲಿ ಈ ಕಟ್ಟುವ ದಿನಗಳೆಲ್ಲ ಸೇರಿಕೊಂಡು ಆಟಿಯ ಮಳೆಯಲ್ಲೇ ಬಾಗಿಲು ತಟ್ಟುತ್ತವೆ. ಅದನ್ನು ಎರಡು ತಿಂಗಳು ಮೊದಲೇ ಕಾಣುವುದಕ್ಕೆ ಒಂದು ಶೀಟು ಸಾಕು. ಎಕ್ಸೆಲ್ ಆಗಲಿ, ಫೋನಿನಲ್ಲಿರುವ ಗೂಗಲ್ ಶೀಟ್ಸ್ ಆಗಲಿ, ಇಪ್ಪತ್ತು ಸಾಲುಗಳಿಗಿಂತ ಹೆಚ್ಚು ಬೇಡ. 2026ರ ಏಪ್ರಿಲ್‌ನಿಂದ ಶುರುವಾಗುವ ವರ್ಷಕ್ಕೆ ಅದನ್ನು ಹೇಗೆ ಕಟ್ಟುವುದು ಎಂದು ಬರೆಯುತ್ತಿದ್ದೇನೆ.

ಮೊದಲಿಗೆ ವ್ಯಾಪಾರದ ಅಂದಾಜು. ಹೆಚ್ಚಿನವರು ಮಾಡುವುದು ಇಷ್ಟೇ: ಕಳೆದ ವರ್ಷದ ಆಗಸ್ಟ್‌ನ ವ್ಯಾಪಾರ ತೆಗೆದು ಈ ವರ್ಷದ ಆಗಸ್ಟ್‌ಗೆ ಬರೆಯುವುದು, ಬೇಕಿದ್ದರೆ ನೂರಕ್ಕೆ ಹತ್ತು ಸೇರಿಸುವುದು. ಬೇರೆ ಊರಿನಲ್ಲಿ ಅದು ನಡೆಯಬಹುದೇನೋ, ನಮ್ಮಲ್ಲಿ ನಡೆಯುವುದಿಲ್ಲ. ಏಕೆಂದರೆ ಕಾಪುವಿನ ವ್ಯಾಪಾರ ಒಂದು ಕ್ಯಾಲೆಂಡರಿನಂತೆ ನಡೆಯುವುದಲ್ಲ, ಮೂರರಂತೆ ನಡೆಯುತ್ತದೆ. ಶಾಲೆ ಶುರುವಾಗುವುದು, ಯಾಂತ್ರಿಕ ಬೋಟುಗಳ ಮೀನುಗಾರಿಕೆಗೆ ಜೂನ್ 1ರಿಂದ ಜುಲೈ 31ರವರೆಗೆ ಇರುವ ನಿಷೇಧ, ಬಾಡಿಗೆ, ಕಂತು, ಜಿಎಸ್‌ಟಿ ಇವೆಲ್ಲ ಇಂಗ್ಲಿಷ್ ತಾರೀಖಿನವು. ಸುಗ್ಗಿ ಮಾರಿಪೂಜೆ, ಆಟಿ, ಜಾರ್ದೆ ಮಾರಿಪೂಜೆ ಸೌರಮಾನದವು. ಸಂಕ್ರಮಣ ನೋಡಿ ಬರುವುದರಿಂದ ಇವು ಬಹಳ ಆಚೀಚೆ ಆಗುವುದಿಲ್ಲ. ಚೌತಿ, ದಸರಾ, ದೀಪಾವಳಿ ಚಾಂದ್ರಮಾನದವು. ಇವು ಪ್ರತಿವರ್ಷ ಜಾಗ ಬದಲಿಸುತ್ತವೆ. ಮುಸ್ಲಿಂ ಗಿರಾಕಿಗಳ ಈದ್ ಅಂತೂ ವರ್ಷಕ್ಕೆ ಹನ್ನೊಂದು ದಿನದಷ್ಟು ಹಿಂದೆ ಸರಿಯುತ್ತ ಹೋಗುತ್ತದೆ.

ಈ ವರ್ಷ ಇದು ಬರೀ ಸಣ್ಣ ವ್ಯತ್ಯಾಸವಲ್ಲ. 2026ರಲ್ಲಿ ಮೇ 17ರಿಂದ ಜೂನ್ 15ರವರೆಗೆ ಅಧಿಕ ಜ್ಯೇಷ್ಠ ಮಾಸ. ಹಾಗಾಗಿ ಮುಂದಿನ ಹಬ್ಬಗಳೆಲ್ಲ ತಡವಾಗಿ ಬರುತ್ತವೆ. 2025ರಲ್ಲಿ ಚೌತಿ ಆಗಸ್ಟ್ 27ಕ್ಕೆ ಇತ್ತು, ಈ ಸಲ ಸೆಪ್ಟೆಂಬರ್ 14. ದೀಪಾವಳಿ ಕಳೆದ ಸಲ ಅಕ್ಟೋಬರ್ ಮೂರನೇ ವಾರ ಬಂದಿತ್ತು, ಈ ಸಲ ನವೆಂಬರ್ 8ರ ಸುಮಾರಿಗೆ. ಕಳೆದ ವರ್ಷದ ಆಗಸ್ಟ್ ವ್ಯಾಪಾರವನ್ನು ಹಾಗೇ ನಕಲು ಮಾಡಿದರೆ, ಚೌತಿ ಇಲ್ಲದ ಆಗಸ್ಟ್‌ನಲ್ಲಿ ನೀವು ಚೌತಿಯ ದುಡ್ಡು ಎಣಿಸಿರುತ್ತೀರಿ. ಅದರ ಜೊತೆಗೆ ಮೇ ತಿಂಗಳ ಎರಡನೇ ಅರ್ಧವನ್ನೂ ನೋಡಿಕೊಳ್ಳಿ. ಅಧಿಕ ಮಾಸ ನೋಡುವ ಮನೆಗಳಲ್ಲಿ ಆಗ ಮದುವೆ ಇರುವುದಿಲ್ಲ. ಮದುವೆ ಜವಳಿ ಮೇ ಮೊದಲ ಹದಿನೈದು ದಿನಗಳೊಳಗೇ ಮುಗಿಯುವ ಸಂಭವ ಹೆಚ್ಚು.

ಇದಕ್ಕೆ ಉಪಾಯವೇನೆಂದರೆ ವ್ಯಾಪಾರವನ್ನು ಒಂದೇ ಸಾಲಿನಲ್ಲಿ ಬರೆಯದೆ ಎರಡು ಸಾಲು ಮಾಡುವುದು. ಮೊದಲ ಸಾಲು ಮಾಮೂಲಿ ವ್ಯಾಪಾರ: ಹಬ್ಬ, ಮದುವೆ ಯಾವುದೂ ಇಲ್ಲದೆ ಆ ಹವಾಮಾನದಲ್ಲಿ ಅಂಗಡಿಗೆ ಬರುವಷ್ಟು. ಇದನ್ನು ಕಳೆದ ವರ್ಷದ ಅದೇ ತಿಂಗಳಿನಿಂದ ತೆಗೆಯಬಹುದು, ಮಳೆ ಅದೇ ತಿಂಗಳಲ್ಲೇ ಬರುತ್ತದಲ್ಲ. ಎರಡನೆಯ ಸಾಲು ಸೀಸನ್ ವ್ಯಾಪಾರ. ಇದನ್ನು ತಿಂಗಳಿನಿಂದ ತೆಗೆಯಬೇಡಿ, ಹಬ್ಬದಿಂದ ತೆಗೆಯಿರಿ. ಕಳೆದ ವರ್ಷ ಚೌತಿಗೆ ಮೊದಲಿನ ಎರಡು ವಾರದಲ್ಲಿ ಮಾಮೂಲಿಗಿಂತ ಎಷ್ಟು ಹೆಚ್ಚು ಮಾರಿತು ಎಂದು ನೋಡಿ. ಆ ಹೆಚ್ಚಿನ ಮೊತ್ತವನ್ನು ಮಾತ್ರ ಈ ವರ್ಷ ಚೌತಿ ಬೀಳುವ ತಿಂಗಳಿಗೆ ಹಾಕಿ.

ಹಾಗೆ ಮಾಡುವಾಗ ಒಮ್ಮೆ ಮಾತ್ರ ಬಂದ ವ್ಯಾಪಾರವನ್ನು ಹೊರಗಿಡಿ. 2025ರ ಫೆಬ್ರವರಿ ಕೊನೆಯಿಂದ ಮಾರ್ಚ್ ಮೊದಲ ವಾರದವರೆಗೆ ಹೊಸ ಮಾರಿಗುಡಿಯ ಬ್ರಹ್ಮಕಲಶೋತ್ಸವಕ್ಕೆ ಊರಿಗೆ ಊರೇ ಬಂದಿತ್ತು. ಆ ದಿನಗಳ ಗಲ್ಲಾಪೆಟ್ಟಿಗೆ ನೋಡಿ ಮುಂದಿನ ಮಾರ್ಚ್‌ಗೆ ಅಂದಾಜು ಹಾಕಿದರೆ ಕಥೆ ಮುಗಿಯಿತು. ಉಡುಪಿಯಲ್ಲಿಯೂ ಅಂಗಡಿ ಇರುವವರು ಈ ಜನವರಿ 18ರ ಪರ್ಯಾಯದ ವ್ಯಾಪಾರವನ್ನು 2027ರ ಜನವರಿಗೆ ಬರೆಯಬೇಡಿ, ಅದು ಎರಡು ವರ್ಷಕ್ಕೊಮ್ಮೆ ಬರುವುದು. ಮಾರಿಪೂಜೆಯ ಜನಸಂದಣಿ ಎಲ್ಲ ಅಂಗಡಿಗೂ ವ್ಯಾಪಾರವಾಗುತ್ತದೆ ಎಂದೂ ಇಲ್ಲ. ಹೂ, ಕೋಳಿ, ಹೋಟೆಲಿನವರಿಗೆ ಅದು ಸೀಸನ್. ಪಾತ್ರೆ ಅಂಗಡಿಯವರಿಗೆ ಅವತ್ತು ಗಾಡಿ ನಿಲ್ಲಿಸಲು ಜಾಗವಿಲ್ಲದ ದಿನ, ಅಷ್ಟೆ.

ಈಗ ಶೀಟಿಗೆ ಬರೋಣ. A ಕಾಲಂನಲ್ಲಿ ಹೆಸರುಗಳು, B ಕಾಲಂನಲ್ಲಿ ಮಾರ್ಚ್, C ಯಿಂದ N ವರೆಗೆ ಏಪ್ರಿಲ್‌ನಿಂದ ಮುಂದಿನ ಮಾರ್ಚ್. ಎರಡನೇ ಸಾಲಿನಲ್ಲಿ ತಿಂಗಳ ಮೊದಲ ದಿನ ಕೈಯಲ್ಲಿರುವ ಹಣ, ಅಂದರೆ ಗಲ್ಲಾದಲ್ಲಿ ಇರುವುದು ಮತ್ತು ಅಂಗಡಿಯ ಖಾತೆಯಲ್ಲಿ ಇರುವುದು ಸೇರಿ. ಮೂರು ಮಾಮೂಲಿ ವ್ಯಾಪಾರ, ನಾಲ್ಕು ಸೀಸನ್ ವ್ಯಾಪಾರ, ಐದು ಅವೆರಡರ ಮೊತ್ತ. ಆರನೆಯದು ಅದೇ ತಿಂಗಳು ನಗದಾಗಿ ಅಥವಾ ಯುಪಿಐಯಲ್ಲಿ ಬರುವುದು, ಏಳು ಹೋದ ತಿಂಗಳ ಸಾಲದ ವಸೂಲಿ, ಎಂಟು ಬೇರೆ ಏನಾದರೂ ಬರುವುದಿದ್ದರೆ, ಒಂಬತ್ತು ಒಟ್ಟು ಬಂದದ್ದು. ಹತ್ತನೇ ಸಾಲು ಮಾಲಿನ ಬಿಲ್ಲು. ಅಲ್ಲಿಂದ ಹದಿನೆಂಟರವರೆಗೆ ಬಾಡಿಗೆ, ಸಂಬಳ, ಕರೆಂಟು ಮತ್ತು ಚಿಲ್ಲರೆ ಖರ್ಚು, ಬ್ಯಾಂಕಿನ ಕಂತು, ಮನೆಗೆ ತೆಗೆದುಕೊಳ್ಳುವುದು, ಪಿಗ್ಮಿ, ಜಿಎಸ್‌ಟಿ, ಮತ್ತು ಕೊನೆಗೆ ಮುಂಗಡ, ಶಾಲೆ ಫೀಸಿನಂಥ ಒಮ್ಮೆಯ ಖರ್ಚುಗಳು. ಹತ್ತೊಂಬತ್ತು ಒಟ್ಟು ಹೋದದ್ದು, ಇಪ್ಪತ್ತು ತಿಂಗಳ ಕೊನೆಗೆ ಉಳಿಯುವುದು. ಬದಿಯಲ್ಲಿ Q1 ಸೆಲ್‌ನಲ್ಲಿ ಕೈಗೆ ಕೂಡಲೇ ಬರುವ ಪಾಲು, Q2 ರಲ್ಲಿ ವ್ಯಾಪಾರದಲ್ಲಿ ಮಾಲಿನ ಖರೀದಿ ಬೆಲೆಯ ಪಾಲು ಬರೆದಿಡಿ. ಉದಾಹರಣೆಗೆ 0.8 ಮತ್ತು 0.65.

```
C5   =C3+C4
C6   =C5*$Q$1
C7   =B5*(1-$Q$1)
C9   =SUM(C6:C8)
C10  =B5*$Q$2
C19  =SUM(C10:C18)
C20  =C2+C9-C19
D2   =C20
```

C ಕಾಲಂನ ಈ ಸೂತ್ರಗಳನ್ನು N ವರೆಗೆ ಬಲಕ್ಕೆ ಎಳೆಯಿರಿ. ಎರಡನೇ ಸಾಲಿನಲ್ಲಿ C2 ಮಾತ್ರ ಕೈಯಲ್ಲಿ ಬರೆಯುವುದು. B5 ರಲ್ಲಿ ಮಾರ್ಚ್‌ನ ವ್ಯಾಪಾರವನ್ನೂ ಕೈಯಲ್ಲೇ ಬರೆಯಿರಿ. D2 ಅನ್ನು ಪ್ರತ್ಯೇಕವಾಗಿ ಬಲಕ್ಕೆ ಎಳೆಯಿರಿ, ಆಗ ಪ್ರತಿ ತಿಂಗಳ ಆರಂಭ ಹಿಂದಿನ ತಿಂಗಳ ಕೊನೆಯಿಂದ ತಾನಾಗಿ ಬರುತ್ತದೆ. ಜಿಎಸ್‌ಟಿ ಬೇರೆ, ವ್ಯಾಪಾರ ಬೇರೆ ಎಂದು ಇಲ್ಲಿ ಬಿಡಿಸುವ ಕೆಲಸ ಬೇಡ. ಗಿರಾಕಿ ಕೊಟ್ಟಷ್ಟು ಬಂದದ್ದು, ನೀವು ಕೊಟ್ಟಷ್ಟು ಹೋದದ್ದು. ಸವಕಳಿ, ಉಳಿದ ಸ್ಟಾಕಿನ ಬೆಲೆ ಇವಕ್ಕೂ ಈ ಶೀಟಿನಲ್ಲಿ ಜಾಗವಿಲ್ಲ.

ಹತ್ತನೇ ಸಾಲಿನ ಸೂತ್ರ ಯಾಕೆ ಹಾಗಿದೆ ಎಂದು ಕೇಳುವವರಿಗೆ: ಮೇಯಲ್ಲಿ ಮಾರುವ ಮಾಲನ್ನು ಏಪ್ರಿಲ್‌ನಲ್ಲಿ ತರಿಸಿದಿರಿ, ಹೋಲ್‌ಸೇಲಿನವರು ಎರಡು ತಿಂಗಳ ಗಡುವು ಕೊಟ್ಟರು ಎಂದುಕೊಳ್ಳಿ. ಆಗ ದುಡ್ಡು ಕೊಡುವುದು ಜೂನ್‌ನಲ್ಲಿ, ಅಂದರೆ ಮಾರಿದ ತಿಂಗಳ ಮುಂದಿನ ತಿಂಗಳು. ನಿಮ್ಮ ಗಡುವು ಒಂದು ತಿಂಗಳದ್ದಾದರೆ `B5` ಬದಲು `C5` ಬರೆಯಿರಿ.

ಒಂದು ಜವಳಿ ಅಂಗಡಿಯ ಲೆಕ್ಕ ಹಾಕಿ ನೋಡೋಣ. ಇದು ಯಾರ ಅಂಗಡಿಯೂ ಅಲ್ಲ, ಆದರೆ ಪೇಟೆಯಲ್ಲಿ ಇಂಥದ್ದು ಇದ್ದೀತು. ಏಪ್ರಿಲ್ 1ಕ್ಕೆ ಕೈಯಲ್ಲಿ 1,20,000 ರೂಪಾಯಿ. ಮಾರ್ಚ್‌ನ ವ್ಯಾಪಾರ 3 ಲಕ್ಷ. ಏಪ್ರಿಲ್‌ನಲ್ಲಿ ಬೊಂಬಾಯಿಯವರು ಊರಿಗೆ ಬರುತ್ತಾರೆ, ಕೋಲ-ನೇಮ, ಮದುವೆ ಎಲ್ಲ ಇದೆ, 4 ಲಕ್ಷ. ಮೇಯಲ್ಲಿ ಮದುವೆಯ ಜೊತೆಗೆ ಯೂನಿಫಾರ್ಮ್ ಸೇರಿ 5 ಲಕ್ಷ. ಜೂನ್ 3 ಲಕ್ಷ, ಜುಲೈ 1.6 ಲಕ್ಷ, ಆಗಸ್ಟ್ 2 ಲಕ್ಷ. ಸೆಪ್ಟೆಂಬರ್‌ಗೆ ಮಾಮೂಲಿ 2.2 ಲಕ್ಷ, ಚೌತಿಯದ್ದು 1.8 ಲಕ್ಷ, ಒಟ್ಟು 4 ಲಕ್ಷ.

ಖರ್ಚು ತಿಂಗಳಿಗೆ ಬಾಡಿಗೆ 18,000, ಇಬ್ಬರ ಸಂಬಳ 28,000, ಕರೆಂಟು ಇತ್ಯಾದಿ 6,000, ಕಂತು 16,000, ಮನೆಗೆ 35,000, ದಿನಕ್ಕೆ 300ರಂತೆ ಪಿಗ್ಮಿ 9,000. ಎಲ್ಲ ಸೇರಿ 1,12,000. ಮಕ್ಕಳ ಫೀಸು ಜೂನ್‌ನಲ್ಲಿ 40,000. ಹಬ್ಬದ ಮಾಲಿಗೆ ಜುಲೈಯಲ್ಲಿ 60,000 ಮುಂಗಡ. ಜಿಎಸ್‌ಟಿಯಲ್ಲಿ ಕಂಪೋಸಿಷನ್ ತೆಗೆದುಕೊಂಡ ಅಂಗಡಿ, ಅಂದರೆ ವ್ಯಾಪಾರದ ನೂರಕ್ಕೆ ಒಂದು. ಜನವರಿಯಿಂದ ಮಾರ್ಚ್‌ವರೆಗಿನ 8 ಲಕ್ಷಕ್ಕೆ ಏಪ್ರಿಲ್ 18ರೊಳಗೆ 8,000, ಏಪ್ರಿಲ್‌ನಿಂದ ಜೂನ್‌ವರೆಗಿನ 12 ಲಕ್ಷಕ್ಕೆ ಜುಲೈ 18ರೊಳಗೆ 12,000. ಶೀಟು ತೋರಿಸುವುದು ಇದು:

| ತಿಂಗಳು | ಬಂದದ್ದು | ಹೋದದ್ದು | ಕೊನೆಗೆ |
|---|---|---|---|
| ಏಪ್ರಿಲ್ | 3,80,000 | 3,15,000 | 1,85,000 |
| ಮೇ | 4,80,000 | 3,72,000 | 2,93,000 |
| ಜೂನ್ | 3,40,000 | 4,77,000 | 1,56,000 |
| ಜುಲೈ | 1,88,000 | 3,79,000 | −35,000 |
| ಆಗಸ್ಟ್ | 1,92,000 | 2,16,000 | −59,000 |
| ಸೆಪ್ಟೆಂಬರ್ | 3,60,000 | 2,42,000 | 59,000 |

ಮೇ 31ಕ್ಕೆ ಕೈಯಲ್ಲಿ ಹತ್ತಿರ ಮೂರು ಲಕ್ಷ. ಆ ದಿನ ಅಂಗಡಿಗೆ ಏಸಿ ಹಾಕಿಸುವ ಮಾತು ಬರುತ್ತದೆ, ಯಾರೋ ಕೈಸಾಲ ಕೇಳುತ್ತಾರೆ, ಹೊಸ ಚೀಟಿಗೆ ಸೇರಲು ಕರೆಯುತ್ತಾರೆ. ಆ ಮೂರು ಲಕ್ಷದಲ್ಲಿ ನಿಮ್ಮದು ಎಂದು ಹೇಳಿಕೊಳ್ಳುವಂಥದ್ದು ಬಹಳ ಇಲ್ಲ. ಜೂನ್‌ನಲ್ಲಿ ಕೊಡಬೇಕಾದ 3,25,000ದ ಬಿಲ್ಲೊಂದೇ ಅದನ್ನು ಮೀರುತ್ತದೆ. ಆಗಸ್ಟ್ ಕೊನೆಗೆ 59,000 ಸಾಲದು, ಸೆಪ್ಟೆಂಬರ್‌ನಲ್ಲಿ ಚೌತಿ ಬಂದು ಮತ್ತೆ ಮೇಲೆ. ಕಳೆದ ವರ್ಷದ ತಿಂಗಳನ್ನು ನಕಲು ಮಾಡಿದವರ ಶೀಟಿನಲ್ಲಿ ಚೌತಿಯ 1.8 ಲಕ್ಷ ಆಗಸ್ಟ್‌ನಲ್ಲೇ ಕೂತಿರುತ್ತದೆ. ಅವರಿಗೆ ಆಗಸ್ಟ್ ಕೊನೆಗೆ 85,000 ಉಳಿಕೆ ಕಾಣುತ್ತದೆ. ನಿಜಕ್ಕೂ ಅವರಿಗೆ ಕಡಿಮೆ ಬೀಳುವುದು 59,000. ಒಂದು ಹಬ್ಬ ಹದಿನೆಂಟು ದಿನ ಮುಂದೆ ಹೋದದ್ದಕ್ಕೆ 1,44,000ದ ಅಂತರ.

ಮೂರು ತಿಂಗಳಿಗೊಮ್ಮೆ ರಿಟರ್ನ್ ಹಾಕುವ, ಕಂಪೋಸಿಷನ್ ಅಲ್ಲದ ಅಂಗಡಿಯವರಿಗೆ ಜುಲೈ ಇನ್ನೂ ಬಿಗಿ. ಏಪ್ರಿಲ್, ಮೇ ತಿಂಗಳುಗಳಿಗೆ ನೀವು PMT-06 ಚಲನ್‌ನಲ್ಲಿ ನಿಗದಿ ಮೊತ್ತದ ದಾರಿ ಹಿಡಿದಿದ್ದರೆ, ಹಿಂದಿನ ಮೂರು ತಿಂಗಳಲ್ಲಿ ನಗದಾಗಿ ಕಟ್ಟಿದ ತೆರಿಗೆಯ ನೂರಕ್ಕೆ 35ರಂತೆ ಕಟ್ಟಿರುತ್ತೀರಿ. ಆದರೆ ಆ ಹಿಂದಿನ ಮೂರು ತಿಂಗಳು ಎಂದರೆ ಜನವರಿಯಿಂದ ಮಾರ್ಚ್, ವ್ಯಾಪಾರ ಕಡಿಮೆ ಇದ್ದ ಕಾಲ. ಸೀಸನ್‌ನ ನಿಜವಾದ ತೆರಿಗೆಯ ಬಾಕಿ ಪೂರ್ತಿ ಜುಲೈ 22ರ GSTR-3B ಯಲ್ಲಿ ಒಟ್ಟಿಗೆ ಎದುರಾಗುತ್ತದೆ. ಆ ಮೊತ್ತವನ್ನು ಮೇ ಕೊನೆಯಲ್ಲೇ ಲೆಕ್ಕ ಹಾಕಿ ಹದಿನೇಳನೇ ಸಾಲಿನ ಜುಲೈ ಸೆಲ್‌ಗೆ ಬರೆದಿಡಿ.

ಸಾಲದ ವಸೂಲಿಯ ಬಗ್ಗೆ ಒಂದು ಮಾತು. ಮೇಲಿನ ಸೂತ್ರ ಎಲ್ಲರೂ ಮುಂದಿನ ತಿಂಗಳು ತಪ್ಪದೆ ಕೊಡುತ್ತಾರೆ ಎಂದು ನಂಬುತ್ತದೆ. ನಿಮ್ಮ ಸಾಲದ ಪುಸ್ತಕ ಹಾಗೆ ನಂಬುವುದಿಲ್ಲ. ಮಲ್ಪೆಯ ಬೋಟಿಗೆ ಹೋಗುವವರ ಮನೆಯವರು ಜೂನ್‌ನಲ್ಲಿ ಯೂನಿಫಾರ್ಮ್ ಬರೆಸಿ ಹೋದರೆ, ಆ ದುಡ್ಡು ಜುಲೈಯಲ್ಲಿ ಬರುವುದು ಕಷ್ಟ. ಆಗಸ್ಟ್‌ನಲ್ಲಿ ಬೋಟು ಕಡಲಿಗಿಳಿದು, ಪಾಲು ಕೈಗೆ ಬಂದ ಮೇಲೆಯೇ. ನಾಡದೋಣಿಯವರ ಲೆಕ್ಕ ಇದಕ್ಕೆ ಉಲ್ಟಾ. ನಿಷೇಧ ಅವರಿಗಿಲ್ಲ, ಮಳೆಗಾಲದಲ್ಲಿ ಒಳ್ಳೆಯ ಮೀನು ಬಿದ್ದರೆ ಅವರು ಆಗಲೇ ತಂದುಕೊಡುತ್ತಾರೆ. ಹಾಗಾಗಿ ಜುಲೈ ಮತ್ತು ಆಗಸ್ಟ್‌ನ ಏಳನೇ ಸಾಲಿನಲ್ಲಿ ಸೂತ್ರ ಅಳಿಸಿ, ಪುಸ್ತಕದಲ್ಲಿರುವ ಹೆಸರುಗಳನ್ನು ನೋಡಿ ಅಂಕಿ ಬರೆಯಿರಿ. ಹೆಸರು ಗೊತ್ತಿರುವ ಅಂಗಡಿಯವರಿಗೆ ಶೇಕಡಾವಾರು ಲೆಕ್ಕ ಯಾಕೆ?

ಇನ್ನು ಈ ಶೀಟು ನಿಮ್ಮನ್ನು ದಾರಿ ತಪ್ಪಿಸುವ ಎರಡು ಜಾಗಗಳಿವೆ. ಅವನ್ನು ಸ್ವಲ್ಪ ನಿಧಾನವಾಗಿ ನೋಡೋಣ.

ಮೊದಲನೆಯದು ಅದೇ ಹತ್ತನೇ ಸಾಲು. "ವ್ಯಾಪಾರ ಕಡಿಮೆ ಆದರೆ ಏನಾದೀತು" ಎಂದು ನೋಡಲು ನೀವು ಮೇ ತಿಂಗಳ 5 ಲಕ್ಷವನ್ನು 4 ಲಕ್ಷ ಮಾಡುತ್ತೀರಿ. ಶೀಟು ಕೂಡಲೇ ಜೂನ್‌ನ ಬಿಲ್ಲನ್ನೂ 3,25,000ದಿಂದ 2,60,000ಕ್ಕೆ ಇಳಿಸುತ್ತದೆ, ಏಕೆಂದರೆ ಸೂತ್ರ ಹಾಗಿದೆ. ಆಗಸ್ಟ್ ಕೊನೆಗೆ 94,000 ಕಡಿಮೆ ಎಂದು ತೋರಿಸುತ್ತದೆ. ಆದರೆ ಮಾಲು ಏಪ್ರಿಲ್‌ನಲ್ಲೇ ಬಂದು ಕಪಾಟಿನಲ್ಲಿ ಕೂತಿದೆ. ಮಾರಲಿ ಬಿಡಲಿ, ಬಿಲ್ಲು ಅಷ್ಟೇ. ನಿಜವಾಗಿ ಕಡಿಮೆ ಬೀಳುವುದು 1,59,000. ಸೀಸನ್ ಕೆಟ್ಟ ವರ್ಷದಲ್ಲೇ ಶೀಟು ಸಿಹಿ ಮಾತಾಡುತ್ತದೆ ಎಂದಾಯಿತು. ಇದಕ್ಕೆ ನಿಯಮ ಸುಲಭ: ಆರ್ಡರ್ ಕೊಟ್ಟ ದಿನವೇ ಆ ಬಿಲ್ಲು ಯಾವ ತಿಂಗಳು ಕಟ್ಟಬೇಕೋ ಆ ಸೆಲ್‌ನ ಸೂತ್ರ ಅಳಿಸಿ, ಬಿಲ್ಲಿನ ಮೊತ್ತವನ್ನೇ ಕೈಯಲ್ಲಿ ಬರೆದು, ಸೆಲ್‌ಗೆ ಹಳದಿ ಬಣ್ಣ ಹಾಕಿ. ಹಳದಿ ಇದ್ದದ್ದು ಬದಲಾಗದ ಸಾಲ, ಬಿಳಿ ಇದ್ದದ್ದು ಇನ್ನೂ ನಿಮ್ಮ ಕೈಯಲ್ಲಿರುವ ನಿರ್ಧಾರ. ಮೇ ತಿಂಗಳಲ್ಲಿ ಕೂತು ನೋಡುವಾಗ ಜೂನ್, ಜುಲೈ ಹಳದಿಯಾಗಿರುತ್ತವೆ, ಆಗಸ್ಟ್ ಬಿಳಿ ಇರುತ್ತದೆ. ಕಡಿಮೆ ಮಾಡಬಹುದಾದ ಖರೀದಿ ಇರುವುದು ಆ ಬಿಳಿಯಲ್ಲಿ ಮಾತ್ರ.

ಎರಡನೆಯದು ತಿಂಗಳು ಎಂಬ ಅಳತೆಯದ್ದೇ ತೊಂದರೆ. ಶೀಟು ತಿಂಗಳ ಕೊನೆಯ ದಿನವನ್ನು ಮಾತ್ರ ನೋಡುತ್ತದೆ. ಚೆಕ್ಕು ಬರುವುದು ನಡುವೆ. ನಮ್ಮ ಜವಳಿ ಅಂಗಡಿಯ ಜುಲೈಯನ್ನೇ ಬಿಡಿಸಿ ನೋಡಿ. ಜುಲೈ 1ಕ್ಕೆ 1,56,000. ಹತ್ತನೇ ತಾರೀಖಿನೊಳಗೆ ಸಂಬಳ, ಬಾಡಿಗೆ, ಕಂತು ಹೋಗುತ್ತವೆ, 62,000. ಹತ್ತಕ್ಕೆ ಹೋಲ್‌ಸೇಲಿನವರಿಗೆ ಮೊದಲೇ ಬರೆದುಕೊಟ್ಟ ಮುಂದಿನ ತಾರೀಖಿನ ಚೆಕ್ಕು, 1,95,000. ಅಷ್ಟರಲ್ಲಿ ಅಂಗಡಿಗೆ ಬರುವುದು ತಿಂಗಳ ಮೂರನೇ ಒಂದು ಪಾಲು, ಹೆಚ್ಚೆಂದರೆ 62,000. ಮನೆ ಖರ್ಚು, ಪಿಗ್ಮಿ ಲೆಕ್ಕಕ್ಕೆ ಹಿಡಿಯದಿದ್ದರೂ ಹತ್ತನೇ ತಾರೀಖು 39,000 ಕಡಿಮೆ. ತಿಂಗಳ ಕೊನೆಗೆ ಎಲ್ಲಿಂದಾದರೂ ದುಡ್ಡು ಬರುವುದಿದ್ದರೂ ಚೆಕ್ಕು ಅಷ್ಟು ದಿನ ಕಾಯುವುದಿಲ್ಲ. ಬೌನ್ಸ್ ಆದರೆ ಬ್ಯಾಂಕಿನ ದಂಡ ಒಂದು ಕಡೆ, ನೆಗೋಷಿಯೆಬಲ್ ಇನ್ಸ್ಟ್ರುಮೆಂಟ್ಸ್ ಕಾಯ್ದೆಯ 138ನೇ ಕಲಂ ಇನ್ನೊಂದು ಕಡೆ, ಎಲ್ಲಕ್ಕಿಂತ ಹೆಚ್ಚಾಗಿ ಮುಂದಿನ ಸೀಸನ್‌ಗೆ ಮಾಲು ಕೊಡುವವನ ಮುಖ ಬದಲಾಗುತ್ತದೆ.

ವರ್ಷವಿಡೀ ವಾರದ ಲೆಕ್ಕ ಬರೆಯಿರಿ ಎಂದರೆ ಯಾರೂ ಬರೆಯುವುದಿಲ್ಲ, ನನಗದು ಗೊತ್ತಿದೆ. ಕೆಳಗೆ ಎಲ್ಲಾದರೂ ಈ ಒಂದು ಸೂತ್ರ ಹಾಕಿಡಿ:

```
=MIN(C20:N20)
```

ಇದು ವರ್ಷದ ಅತಿ ತೆಳ್ಳಗಿನ ತಿಂಗಳು ಎಷ್ಟು ಎಂದು ತೋರಿಸುತ್ತದೆ. ಆ ತಿಂಗಳು ಮತ್ತು ಅದರ ಹಿಂದಿನ ತಿಂಗಳು, ಈ ಎರಡನ್ನು ಮಾತ್ರ ಇನ್ನೊಂದು ಶೀಟಿನಲ್ಲಿ ಹತ್ತು ಹತ್ತು ದಿನಕ್ಕೆ ಬಿಡಿಸಿ. ಇಪ್ಪತ್ತನೇ ಸಾಲಿಗೆ ಕಂಡೀಷನಲ್ ಫಾರ್ಮ್ಯಾಟಿಂಗ್‌ನಲ್ಲಿ 50,000ಕ್ಕಿಂತ ಕಡಿಮೆಯಾದರೆ ಕೆಂಪು ಎಂದು ಇಡಿ. ಸೊನ್ನೆಗೆ ಕೆಂಪು ಇಟ್ಟರೆ ಕೆಂಪು ಕಾಣುವಾಗ ತಡವಾಗಿರುತ್ತದೆ.

ಕೆಂಪು ಕಂಡರೆ ಮಾಡುವುದೇನು? ನನ್ನ ಲೆಕ್ಕದಲ್ಲಿ ಎರಡು ದಾರಿ ಚೆನ್ನಾಗಿವೆ.

ಒಂದು, ಹೋಲ್‌ಸೇಲಿನವರ ಹತ್ತಿರ ಗಡುವು ಕೇಳುವುದು. ಜುಲೈಯ 1,95,000ದಲ್ಲಿ ಅರ್ಧ, ಅಂದರೆ 97,500, ಸೆಪ್ಟೆಂಬರ್ 20ಕ್ಕೆ ಕೊಡುತ್ತೇನೆ ಎಂದು ಒಪ್ಪಿಸಿದರೆ ಜುಲೈ ಕೊನೆಗೆ 62,500, ಆಗಸ್ಟ್ ಕೊನೆಗೆ 38,500 ಉಳಿಯುತ್ತದೆ. ಹತ್ತನೇ ತಾರೀಖಿನ ಚೆಕ್ಕೂ ಪಾಸಾಗುತ್ತದೆ. ಸೆಪ್ಟೆಂಬರ್ ಕೊನೆಯ 59,000 ಹಾಗೇ ಇರುತ್ತದೆ, ಅದು ಬದಲಾಗುವುದಿಲ್ಲ. ಆದರೆ ಇದನ್ನು ಕೇಳಬೇಕಾದದ್ದು ಮೇ ಮೂರನೇ ವಾರ, ಜೂನ್‌ನ ಬಿಲ್ಲು ಪೂರ್ತಿ ಕೊಡುತ್ತೇನೆ ಎಂದು ಹೇಳುವ ಧೈರ್ಯ ಇರುವಾಗ. ಜುಲೈ ಒಂಬತ್ತಕ್ಕೆ ಫೋನ್ ಮಾಡಿ "ಚೆಕ್ಕು ಹಾಕಬೇಡಿ ಮಾರಾಯ್ರೇ" ಎಂದರೆ ಅದು ಬೇರೆಯೇ ಮಾತು. ಅದೇ ಹೊತ್ತಿಗೆ ಹಬ್ಬದ ಮುಂಗಡದ ಮಾತನ್ನೂ ಎತ್ತಿ. ಚೌತಿಯೇ ಹದಿನೆಂಟು ದಿನ ಮುಂದೆ ಹೋಗಿರುವಾಗ ಮುಂಗಡ ಮಾತ್ರ ಹಳೆಯ ತಾರೀಖಿಗೇ ಯಾಕೆ ಕೊಡಬೇಕು?

ಇನ್ನೊಂದು ನಮ್ಮ ಊರಿನದ್ದೇ ದಾರಿ. 1925ರಲ್ಲಿ ಉಡುಪಿಯಲ್ಲಿ ಶುರುವಾದ ಕೆನರಾ ಇಂಡಸ್ಟ್ರಿಯಲ್ ಆ್ಯಂಡ್ ಬ್ಯಾಂಕಿಂಗ್ ಸಿಂಡಿಕೇಟ್, ಮುಂದೆ ಸಿಂಡಿಕೇಟ್ ಬ್ಯಾಂಕ್ ಆದದ್ದು, 1928ರಲ್ಲಿ ಪಿಗ್ಮಿ ಠೇವಣಿ ತಂದಿತು. ಏಜೆಂಟ್ ಬಾಗಿಲಿಗೇ ಬಂದು ದಿನಕ್ಕೆ ಎರಡಾಣೆ ಸಂಗ್ರಹಿಸುತ್ತಿದ್ದ. ಆ ಬ್ಯಾಂಕು 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ಸೇರಿ ಹೋಯಿತು, ಆದರೆ ಪಿಗ್ಮಿ ಇನ್ನೂ ಇದೆ. ಈಗ ಸಹಕಾರಿ ಸೊಸೈಟಿಗಳ ಏಜೆಂಟರು ಸಂಜೆ ಮೆಷಿನ್ ಹಿಡಿದು ಬರುತ್ತಾರೆ. ನಿಮ್ಮಲ್ಲಿ ಹೆಚ್ಚಿನವರು ಕಟ್ಟುತ್ತೀರಿ, ಆದರೆ ಯಾವ ತಿಂಗಳು ಶುರು ಮಾಡಿದಿರೋ ಆ ತಿಂಗಳು ಅದು ಮುಗಿಯುತ್ತದೆ, ಅಷ್ಟೆ. ಡಿಸೆಂಬರ್‌ನಲ್ಲಿ ಶುರು ಮಾಡಿದ್ದರೆ ಡಿಸೆಂಬರ್‌ನಲ್ಲಿ ಒಂದು ಲಕ್ಷ ಕೈಗೆ ಬಂದು, ಚಿನ್ನಕ್ಕೋ ಸ್ಕೂಟರಿಗೋ ಹೋಗುತ್ತದೆ.

ಒಂದು ವರ್ಷದ ಪಿಗ್ಮಿಯನ್ನು ಜುಲೈ ಮೊದಲ ವಾರ ಮುಗಿಯುವ ಹಾಗೆ ಹೊಂದಿಸಿ. ತಿಂಗಳಿಗೆ 9,000ದಂತೆ ವರ್ಷಕ್ಕೆ 1,08,000, ಬಡ್ಡಿ ಬಿಟ್ಟು. ಇದನ್ನು ಎಂಟನೇ ಸಾಲಿನ ಜುಲೈ ಸೆಲ್‌ಗೆ ಹಾಕಿದರೆ, ಬೇರೇನೂ ಮಾಡದೆಯೇ ಜುಲೈ ಕೊನೆಗೆ 73,000, ಆಗಸ್ಟ್ ಕೊನೆಗೆ 49,000. ಕೆಂಪು ಗೆರೆಗೆ ಒಂದು ಸಾವಿರ ಮಾತ್ರ ಕಡಿಮೆ. ಮೊದಲ ವಾರ ಎಂದು ಒತ್ತಿ ಹೇಳುತ್ತಿರುವುದು ಆ ಹತ್ತನೇ ತಾರೀಖಿನ ಚೆಕ್ಕಿನಿಂದ. ಅದೇ ಪಿಗ್ಮಿ ಜುಲೈ 25ಕ್ಕೆ ಮುಗಿದರೆ ತಿಂಗಳ ಶೀಟು 73,000 ಎಂದೇ ತೋರಿಸುತ್ತದೆ, ಚೆಕ್ಕು ಮಾತ್ರ ಹತ್ತಕ್ಕೇ ಬೌನ್ಸ್ ಆಗಿರುತ್ತದೆ. ಅವಧಿಗೆ ಮೊದಲು ತೆಗೆದರೆ ಬಡ್ಡಿ ಕಡಿತ ಇರುತ್ತದೆ, ಠೇವಣಿಯ ಮೇಲೆ ಸಾಲ ತೆಗೆಯುವುದೂ ಸಾಧ್ಯ. ಎರಡರಲ್ಲಿ ಯಾವುದು ಅಗ್ಗ ಎಂದು ನಿಮ್ಮ ಸೊಸೈಟಿಯಲ್ಲಿ ಕೇಳಿ.

ಪಿಗ್ಮಿಯನ್ನು ಖರ್ಚಿನ ಸಾಲಿನಲ್ಲಿ ಹಾಕುವುದು ತಪ್ಪಲ್ಲವೇ, ಅದು ಉಳಿತಾಯ ಅಲ್ಲವೇ ಎಂದು ಕೆಲವರು ವಾದ ಮಾಡುತ್ತಾರೆ. ಲಾಭದ ಲೆಕ್ಕದಲ್ಲಿ ಖರ್ಚಲ್ಲ, ಸರಿ. ಈ ಶೀಟಿನ ಪ್ರಶ್ನೆ ಲಾಭದ್ದಲ್ಲ, ಹತ್ತನೇ ತಾರೀಖು ಖಾತೆಯಲ್ಲಿ ಎಷ್ಟಿದೆ ಎಂಬುದು. ಏಜೆಂಟ್ ಒಯ್ದ ಮೇಲೆ ಅದು ಖಾತೆಯಲ್ಲಿ ಇಲ್ಲ. ಮನೆಗೆ ತೆಗೆದುಕೊಂಡದ್ದೂ ಹಾಗೆಯೇ. ಅದನ್ನು ಬರೆಯದೆ ಬಿಟ್ಟರೆ ಶೀಟು ಯಾವಾಗಲೂ ಚೆನ್ನಾಗಿರುತ್ತದೆ, ಗಲ್ಲಾ ಯಾವಾಗಲೂ ಖಾಲಿ ಇರುತ್ತದೆ. ಯುಪಿಐ ದುಡ್ಡು ಮಗನ ನಂಬರಿಗೋ ಹೆಂಡತಿಯ ಖಾತೆಗೋ ಬರುವ ಅಂಗಡಿಗಳಲ್ಲಿ ಈ ಗೊಂದಲ ಇನ್ನೂ ಹೆಚ್ಚು. ಅಂಗಡಿಯ ಬಾಕ್ಸು ಕೂಗುವ ದುಡ್ಡು ಅಂಗಡಿಯ ಖಾತೆಗೇ ಬರಲಿ, ಅಲ್ಲಿಂದ ತಿಂಗಳಿಗೊಮ್ಮೆ ಮನೆಗೆ ಹೋಗಲಿ.

ಪ್ರತಿ ತಿಂಗಳು ಐದನೇ ತಾರೀಖಿನೊಳಗೆ ಹಿಂದಿನ ತಿಂಗಳ ನಿಜವಾದ ಅಂಕಿಗಳನ್ನು ಅಂದಾಜಿನ ಮೇಲೆಯೇ ಬರೆಯಿರಿ. ಅಂದಾಜು ಉಳಿಸಿಕೊಳ್ಳಬೇಕೆಂದರೆ ಶೀಟಿನ ಒಂದು ಪ್ರತಿ ಮೊದಲೇ ಮಾಡಿಡಿ. ನಂತರ ಶೀಟಿನಲ್ಲಿ ಬಂದ ಕೊನೆಯ ಹಣವನ್ನೂ ಬ್ಯಾಂಕು ಮತ್ತು ಗಲ್ಲಾದಲ್ಲಿ ನಿಜವಾಗಿ ಇರುವುದನ್ನೂ ಜೋಡಿಸಿ ನೋಡಿ. ವ್ಯತ್ಯಾಸ ಐದಾರು ಸಾವಿರ ಇದ್ದರೆ ಚಿಲ್ಲರೆ ಖರ್ಚು, ತಲೆ ಕೆಡಿಸಿಕೊಳ್ಳಬೇಡಿ. ಪ್ರತಿ ತಿಂಗಳೂ ಒಂದೇ ದಿಕ್ಕಿನಲ್ಲಿ ಇಪ್ಪತ್ತು ಸಾವಿರ ವ್ಯತ್ಯಾಸ ಬಂದರೆ ಬರೆಯದ ಸಾಲೊಂದು ಇದೆ ಎಂದರ್ಥ. ಹೆಚ್ಚಾಗಿ ಅದು ಮನೆ ಖರ್ಚು, ಅಥವಾ ಪುಸ್ತಕದಲ್ಲಿ ಬರೆದು ಶೀಟಿಗೆ ತರದ ಸಾಲ.

ಹೊಸ ಅಂಗಡಿ, ಹಿಂದಿನ ವರ್ಷದ ಲೆಕ್ಕವೇ ಇಲ್ಲದವರಿಗೆ ಇದು ಅಷ್ಟು ಕೆಲಸಕ್ಕೆ ಬರುವುದಿಲ್ಲ. ಅವರು ಖರ್ಚಿನ ಭಾಗವನ್ನು ಮಾತ್ರ ಸರಿಯಾಗಿ ತುಂಬಿಸಿ, ಮಳೆಗಾಲದ ನಾಲ್ಕು ತಿಂಗಳಿಗೆ ಎಷ್ಟು ಬೇಕು ಎಂದು ನೋಡಿಕೊಂಡರೆ ಈ ವರ್ಷಕ್ಕೆ ಸಾಕು. ಶಂಕರಪುರ ಮಲ್ಲಿಗೆ, ಮೀನು, ತರಕಾರಿ ಮಾರುವವರಿಗಂತೂ ಬೆಳಿಗ್ಗೆ ತಂದು ಸಂಜೆ ಲೆಕ್ಕ ಮುಗಿಯುವ ವ್ಯಾಪಾರ, ತಿಂಗಳ ಶೀಟು ಅವರಿಗೆ ಬೇಡ.

ಉಳಿದವರು ಮಾರ್ಚ್ 31ರ ರಾತ್ರಿ ಅಂಗಡಿ ಬಾಗಿಲು ಹಾಕುವ ಮೊದಲು ಗಲ್ಲಾದಲ್ಲಿರುವುದನ್ನು ಎಣಿಸಿ, ಖಾತೆಯ ಬ್ಯಾಲೆನ್ಸ್ ನೋಡಿ, ಎರಡನ್ನೂ ಕೂಡಿಸಿ C2 ಸೆಲ್‌ನಲ್ಲಿ ಬರೆಯಿರಿ. ನೀವು ಬರೆದುಕೊಟ್ಟ ಮುಂದಿನ ತಾರೀಖಿನ ಚೆಕ್ಕುಗಳ ಪಟ್ಟಿ ತೆಗೆದು ಹತ್ತನೇ ಸಾಲನ್ನು ಹಳದಿ ಮಾಡುತ್ತ ಬನ್ನಿ. ಪಿಗ್ಮಿ ಪುಸ್ತಕದಲ್ಲಿ ಮುಗಿಯುವ ತಾರೀಖು ಯಾವುದು ಎಂದು ನೋಡಿ. ಜುಲೈ ಅಲ್ಲದಿದ್ದರೆ ಸಂಜೆ ಬರುವ ಏಜೆಂಟರ ಹತ್ತಿರ ಈಗಲೇ ಮಾತಾಡಿ, ಏಕೆಂದರೆ ಮುಂದಿನ ವರ್ಷದ ಜುಲೈಗೆ ಸಿಗಬೇಕಾದ ಪಿಗ್ಮಿ ಈ ವರ್ಷದ ಜುಲೈಯಲ್ಲೇ ಶುರುವಾಗಬೇಕು.

ಇಂತು ನಿಮ್ಮ,
ಪೇಟೆಯಲ್ಲಿ ಲೆಕ್ಕ ಬರೆಯುವವ
ಕಾಪು, ಮಾರ್ಚ್ 2026